ಎರಡು ಜೊತೆ ಓಲೆ, ಒಂದು ಪದಕ ಮತ್ತು ಟೀಚರ್ ನೋಟ್‌ಬುಕ್

ಟೀಚರ್ ಅಂಗಡಿಗೆ ಬಂದಾಗ ಕೈಯಲ್ಲಿ ಎರಡು ವಸ್ತು ಇದ್ದವು. ಒಂದು ಹಳೇ ಕುಂಕುಮದ ಭರಣಿ, ಇನ್ನೊಂದು ನೂರು ಪುಟದ ನೋಟ್‌ಬುಕ್. ಭರಣಿಯಲ್ಲಿ ಅವರ ಅಮ್ಮನ ಒಂದು ಜೊತೆ ಜುಮಕಿ, ಒಂದು ಜೊತೆ ಕೆಂಪು ಕಲ್ಲಿನ ಓಲೆ. ನನ್ನ ಮಗಳಿಗೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು ಇವರೇ. ಹಾಗಾಗಿ ನೋಟ್‌ಬುಕ್ ನೋಡಿದ ಕೂಡಲೇ ನನಗೆ ಸ್ವಲ್ಪ ಹೆದರಿಕೆಯಾಯಿತು.

"ಆಚಾರ್ರೇ, ಇದನ್ನೆಲ್ಲ ಕರಗಿಸಿ ನನಗೊಂದು ಪದಕ ಮಾಡಿಕೊಡಿ. ಆದ್ರೆ ಇದೇ ಚಿನ್ನ ಆಗ್ಬೇಕು. ಬೇರೆ ಚಿನ್ನ ಕೊಟ್ಟು ಇದನ್ನ ಇಟ್ಕೊಳೋ ಹಾಗಿಲ್ಲ."

"ಆಗ್ಲಿ ಟೀಚರ್. ನೀವೇ ಎದುರಿಗೆ ಕೂತ್ಕೊಳಿ. ಒಂದೊಂದು ಸಲ ತೂಕ ಮಾಡಿದಾಗ್ಲೂ ಬರ್ಕೊಳಿ."

ಹೀಗೆ ಹೇಳಿದ್ದು ಬಾಯಿಮಾತಿಗಲ್ಲ. ಗಿರಾಕಿ ಎದುರಿಗೆ ಕೂತರೆ ಕೆಲಸ ನಿಧಾನ, ಆದರೆ ಆಮೇಲೆ ಜಗಳ ಇಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ನನ್ನದು ಎಂಟಡಿ ಅಗಲದ ಅಂಗಡಿ. ಕುಲುಮೆ, ಅಡಿಗಲ್ಲು, ತಕ್ಕಡಿ ಎಲ್ಲ ಒಂದೇ ಕಡೆ ಇವೆ, ಮುಚ್ಚಿಡೋಕೆ ಜಾಗವೂ ಇಲ್ಲ.

ಮೊದಲು ಎಲ್ಲವನ್ನೂ ಇದ್ದ ಹಾಗೇ ತೂಗಿದೆ. 11.420 ಗ್ರಾಂ. ಟೀಚರ್ ಬರೆದುಕೊಂಡರು, ಕೆಳಗೆ ಒಂದು ಗೆರೆ ಎಳೆದರು.

"ಅಂದ್ರೆ ಹನ್ನೊಂದೂವರೆ ಗ್ರಾಂ ಹತ್ರದ ಪದಕ ಬರುತ್ತೆ, ಅಲ್ವಾ?"

"ಇಲ್ಲ ಟೀಚರ್. ಈ ಹನ್ನೊಂದೂವರೆಯಲ್ಲಿ ಚಿನ್ನ ಎಷ್ಟು ಅಂತ ಇನ್ನೂ ಗೊತ್ತಿಲ್ಲ."

ಓಲೆಯ ಹಿಂಭಾಗ ಮುಚ್ಚಿದ್ದು. ಹಳೇ ಕೆಲಸದಲ್ಲಿ ಹಾಗೇ ಇರುತ್ತಿತ್ತು. ಕಲ್ಲಿನ ಕೆಳಗೆ ತೆಳು ತಗಡು, ಅದರ ಕೆಳಗೆ ಅರಗು ತುಂಬಿರುತ್ತಾರೆ. ಜುಮಕಿಯ ಮೇಲಿನ ಹೂವಿನೊಳಗೂ ಅರಗು. ಚಿನ್ನ ಕಡಿಮೆ ಹಾಕಿ ಒಡವೆ ಗಟ್ಟಿಮುಟ್ಟಾಗಿ ಕಾಣುವ ಹಾಗೆ ಮಾಡುವ ವಿದ್ಯೆ ಅದು. ಮೋಸ ಅಂತ ಹೇಳಲಾರೆ. ತೆಳು ತಗಡು ಯಾರಾದರೂ ಅಪ್ಪಿತಪ್ಪಿ ಒತ್ತಿದರೂ ತಗ್ಗಬಾರದಲ್ಲ, ಅದಕ್ಕೆ ಒಳಗೆ ಆಸರೆ ಬೇಕು. ಆದರೆ ತೂಗುವಾಗ ಅರಗೂ ಚಿನ್ನದ ಜೊತೆ ತಕ್ಕಡಿ ಹತ್ತುತ್ತದೆ.

ಮುತ್ತಿನ ದಾರ ಕತ್ತರಿಸಿ ತೆಗೆದೆ. ಮುತ್ತಿಗೆ ಬೆಂಕಿ ತಾಗಿದರೆ ಹೋಯಿತು, ಸುಣ್ಣವಾಗಿಬಿಡುತ್ತದೆ. ಕಲ್ಲಿನ ಸುತ್ತ ಇದ್ದ ಚಿನ್ನದ ಅಂಚನ್ನು ಚೂಪು ಉಳಿಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿದೆ. ಮಧ್ಯದ ಎರಡು ದೊಡ್ಡ ಕೆಂಪು ಕಲ್ಲು ಸಲೀಸಾಗಿ ಬಂದವು. ಟೀಚರ್ ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಮುಖ ಸಪ್ಪಗಾಯಿತು.

"ಅಮ್ಮನ ಕಿವಿಯಲ್ಲಿ ಇದು ಕೆಂಡದ ಹಾಗೆ ಹೊಳೀತಿತ್ತು. ಈಗ ಯಾಕೆ ಹೀಗೆ ಮಂಕಾಗಿದೆ?"

"ಅದು ಹಿಂದೆ ಇದ್ದ ತಗಡಿನ ಹೊಳಪು. ಬೆಳಕು ಕಲ್ಲಿನ ಮೂಲಕ ಹೋಗಿ ತಗಡಿಗೆ ಬಡಿದು ವಾಪಸ್ ಬರ್ತಿತ್ತು. ಈಗ ತಗಡು ಹೋಯ್ತು."

"ಮಾಣಿಕ್ಯನಾ ಇದು?"

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಕೊಟ್ಟು ಅವರಿಗೇ ನೋಡಲು ಹೇಳಿದೆ. ಒಳಗೆ ಗ್ರಾಮಫೋನ್ ತಟ್ಟೆಯ ಗೆರೆಗಳ ಹಾಗೆ ಬಾಗಿದ ಸಣ್ಣ ಗೆರೆಗಳಿದ್ದವು. ನೆಲದಿಂದ ಬಂದ ಮಾಣಿಕ್ಯದಲ್ಲಿ ಗೆರೆ ಇದ್ದರೆ ನೇರ ಇರುತ್ತದೆ, ಬಾಗಿರುವುದಿಲ್ಲ. ಫ್ರಾನ್ಸಿನ ವೆರ್ನ್ಯೂಯ್ ಎಂಬ ವಿಜ್ಞಾನಿ 1902ರಲ್ಲಿ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದ. ಆಮೇಲೆ ನಮ್ಮ ಕಡೆಯ ಓಲೆಗಳಿಗೂ ಆ ಕಲ್ಲು ಬಂತು. ವಸ್ತು ಮಾಣಿಕ್ಯವೇ, ಬೆಳೆದದ್ದು ಮಾತ್ರ ಕುಲುಮೆಯಲ್ಲಿ. ಬೆಲೆ ಕಡಿಮೆ. ಟೀಚರ್ ಬೇಜಾರು ಮಾಡಿಕೊಳ್ಳಲಿಲ್ಲ. "ಇರ್ಲಿ, ಪದಕಕ್ಕೆ ಇದೇ ಕಲ್ಲು" ಅಂದರು.

ಕಲ್ಲು, ಮುತ್ತು ಸೇರಿ 0.940 ಗ್ರಾಂ. ಓಲೆ, ಜುಮಕಿಯನ್ನು ಸಣ್ಣ ಉರಿಯಲ್ಲಿ ಕಾಸಿ ಅರಗು ಇಳಿಸಿದೆ, ಉಳಿದದ್ದನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಬ್ರಷ್ಷಿನಿಂದ ತೆಗೆದೆ. ಆಮೇಲೆ ಅಂಟುವಾಳದ ನೀರಲ್ಲಿ ತೊಳೆದು, ಒಣಗಿಸಿ ಮತ್ತೆ ತೂಗಿದರೆ ಬರೀ ಲೋಹ 9.870 ಗ್ರಾಂ. ಅಂದರೆ ಅರಗು, ಕೊಳೆ ಎಂದೇ 0.610 ಗ್ರಾಂ ಹೋಗಿತ್ತು. ಟೀಚರ್ ಕಳೆದು ನೋಡಿ ತಲೆಯಾಡಿಸಿದರು.

ಇಲ್ಲಿ ನನ್ನ ತಪ್ಪು ಹೇಳಿಕೊಳ್ಳಬೇಕು. ಒರೆಗಲ್ಲಿಗೆ ಓಲೆಯನ್ನೂ ಜುಮಕಿಯನ್ನೂ ಉಜ್ಜಿ ಆಸಿಡ್ ಹಚ್ಚಿ ನೋಡಿದೆ. ಓಲೆಯ ಗೆರೆ ಚೆನ್ನಾಗಿ ನಿಂತಿತು. ಜುಮಕಿಯ ಗೆರೆ ಸ್ವಲ್ಪ ಮಸುಕಾಯಿತು, ಅಂದರೆ ಚಿನ್ನ ತುಸು ಕಡಿಮೆ. ಅಷ್ಟಕ್ಕೇ ಸಮಾಧಾನ ಮಾಡಿಕೊಂಡೆ. ಒರೆಗಲ್ಲು ಉಜ್ಜಿದ ಜಾಗದ ಸುದ್ದಿ ಮಾತ್ರ ಹೇಳುತ್ತದೆ. ಬೆಸುಗೆಯ ಜಾಗದ ಸುದ್ದಿ ಅದಕ್ಕೆ ಗೊತ್ತಿಲ್ಲ. ಒಂದು ಜುಮಕಿಯ ಕಡ್ಡಿ ಸೇರುವ ಬುಡದಲ್ಲಿ ಬೂದು ಬಣ್ಣದ ಕಲೆ ಇತ್ತು. ಕಣ್ಣಿಗೆ ಬಿತ್ತು. ಕೊಳೆ ಇರಬೇಕು ಅಂತ ಬಿಟ್ಟೆ.

ಮೂಸೆಗೆ ಹಾಕಿ, ಮೇಲೆ ಬಿಳಿಗಾರ ಉದುರಿಸಿ ಉರಿ ಕೊಟ್ಟೆ. ಶುದ್ಧ ಚಿನ್ನ ಕರಗುವುದು 1064 ಡಿಗ್ರಿಗೆ. ತಾಮ್ರ, ಬೆಳ್ಳಿ ಸೇರಿದ ಒಡವೆ ಚಿನ್ನ ಅದಕ್ಕಿಂತ ಸ್ವಲ್ಪ ಮೊದಲೇ ಇಳಿಯುತ್ತದೆ. ಮೊದಲು ಜುಮಕಿಯ ಗಂಟೆಗಳು ಬಾಡಿದ ಹೂವಿನ ಹಾಗೆ ಬಾಗಿದವು. ಆಮೇಲೆ ಎಲ್ಲ ಒಟ್ಟಿಗೆ ಉರುಟಾಗಿ ಒಂದು ಗುಂಡಾಯಿತು, ಮೇಲೆ ಬಿಳಿಗಾರ ಗಾಜಿನ ಪೊರೆಯ ಹಾಗೆ ಓಡಾಡುತ್ತಿತ್ತು. ಟೀಚರ್ ಒಂದು ಮಾತೂ ಆಡಲಿಲ್ಲ. ಎಣ್ಣೆ ಸವರಿ ಬಿಸಿ ಮಾಡಿಟ್ಟ ಅಚ್ಚಿಗೆ ಹುಯ್ದೆ. ತೂಕ 9.790.

"80 ಮಿಲಿಗ್ರಾಂ ಎಲ್ಲೋಯ್ತು?"

"ಸಂದಿಯಲ್ಲಿ ಉಳಿದ ಅರಗು ಸುಟ್ಟೋಯ್ತು. ತಾಮ್ರ ಸ್ವಲ್ಪ ಬಿಳಿಗಾರದ ಜೊತೆ ಹೋಗಿರುತ್ತೆ."

ಗಟ್ಟಿಯನ್ನು ಕಾಸಿ ತಣಿಸಿ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯಲು ಶುರು ಮಾಡಿದೆ. 22 ಕ್ಯಾರೆಟ್ಟಿನ ಚಿನ್ನ ಸುತ್ತಿಗೆ ಕೆಳಗೆ ಚಪಾತಿ ಹಿಟ್ಟಿನ ಹಾಗೆ ಒಪ್ಪಿಕೊಂಡು ಹೋಗಬೇಕು. ಏಳೆಂಟು ಪೆಟ್ಟು ಬಿದ್ದಿರಬಹುದು. ಸದ್ದು ಬದಲಾಯಿತು. ಟಣ್ ಅನ್ನುತ್ತಿದ್ದದ್ದು ಟಪ್ ಅಂತು. ತಿರುಗಿಸಿ ನೋಡಿದರೆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ಇನ್ನೊಂದು ಪೆಟ್ಟು ಹಾಕಿದೆ. ಅದು ಬಾಯಿ ಬಿಟ್ಟಿತು. ಒಳಗೆ ಬೂದು ಬಣ್ಣ, ಬೆಲ್ಲದ ಅಚ್ಚು ಮುರಿದ ಹಾಗೆ ಕಾಳು ಕಾಳು.

"ಚಿನ್ನ ಒಡೆಯುತ್ತಾ ಆಚಾರ್ರೇ?"

"ಒಡೆಯಲ್ಲ ಟೀಚರ್. ಇದರಲ್ಲಿ ಸೀಸ ಸೇರಿದೆ."

ಆಗ ಆ ಬೂದು ಕಲೆ ನೆನಪಾಯಿತು. ಯಾವಾಗಲೋ ಜುಮಕಿಯ ಕಡ್ಡಿ ಮುರಿದಿದೆ. ಯಾರೋ ಅದನ್ನು ಚಿನ್ನದ ಬೆಸುಗೆ ಹಾಕದೆ, ರೇಡಿಯೋ ರಿಪೇರಿಗೆ ಬಳಸುವ ಸೀಸ-ತವರದ ಬೆಸುಗೆ ಹಾಕಿ ಅಂಟಿಸಿದ್ದಾರೆ. ಟೀಚರಿಗೂ ನೆನಪಾಯಿತು. ಒಂದು ಮದುವೆಗೆ ಹೋಗುವ ಹಿಂದಿನ ದಿನ ಕಡ್ಡಿ ಕಿತ್ತು ಬಂದು, ಅಪ್ಪ ಎಲ್ಲೋ ಕೊಟ್ಟು ಹತ್ತು ನಿಮಿಷದಲ್ಲಿ ಮಾಡಿಸಿಕೊಂಡು ಬಂದಿದ್ದರಂತೆ. ಹತ್ತು ನಿಮಿಷದಲ್ಲಿ, ಮುತ್ತೂ ಬಿಚ್ಚದೆ, ಅರಗೂ ಇಳಿಸದೆ ಬೆಸುಗೆ ಹಾಕಿದ್ದಾರೆ ಅಂದರೆ ಅದು ಇದೇ. ಸೀಸ-ತವರದ ಬೆಸುಗೆ ಇನ್ನೂರು ಡಿಗ್ರಿಯ ಒಳಗೇ ಕರಗುತ್ತದೆ. ಚಿನ್ನದ ಬೆಸುಗೆಗೆ ಒಡವೆ ಕೆಂಪಗಾಗುವಷ್ಟು ಕಾಸಬೇಕು.

ಸೀಸ ಎಷ್ಟು ಸೇರಿರಬಹುದು? ಒಂದು ಸಾಸಿವೆ ಕಾಳಷ್ಟೂ ಇಲ್ಲ. ಆದರೆ ಸೀಸ ಚಿನ್ನದೊಳಗೆ ಸರಿಯಾಗಿ ಬೆರೆಯುವುದಿಲ್ಲ. ಕರಗಿದ ಚಿನ್ನ ಗಟ್ಟಿಯಾಗುವಾಗ ಸಣ್ಣ ಸಣ್ಣ ಹರಳು ಕಟ್ಟುತ್ತದೆ. ಸೀಸ ಸೇರಿದ ಭಾಗ ಕೊನೆಯವರೆಗೂ ದ್ರವವಾಗಿದ್ದು ಆ ಹರಳುಗಳ ಸಂದಿಯಲ್ಲಿ ಹೋಗಿ ಕೂರುತ್ತದೆ. ಗೋಡೆಯಲ್ಲಿ ಕಲ್ಲು ಗಟ್ಟಿಯಿದ್ದು ಗಾರೆ ಪುಡಿಯಾದರೆ ಹೇಗೋ ಹಾಗೆ. ಸಾವಿರಕ್ಕೆ ಒಂದು ಭಾಗ ಇದ್ದರೂ ಸಾಕು, ಇಡೀ ಗಟ್ಟಿ ಸುತ್ತಿಗೆಗೆ ನಿಲ್ಲುವುದಿಲ್ಲ.

ಮೊದಲೇ ಗೊತ್ತು ಮಾಡಿಕೊಳ್ಳುವುದು ಕಷ್ಟವಿರಲಿಲ್ಲ. ಸೂಜಿಯ ಮೊನೆಯಿಂದ ಬೆಸುಗೆ ಜಾಗ ಕೆರೆದರೆ ಸಾಕಿತ್ತು. ಚಿನ್ನದ ಬೆಸುಗೆ ಹಳದಿಯಾಗಿ ಗಟ್ಟಿ ಇರುತ್ತದೆ. ಸೀಸದ್ದು ಮೆತ್ತಗೆ, ಬೂದಾಗಿ ಸಿಪ್ಪೆ ಏಳುತ್ತದೆ. ಅರಗು ಇಳಿಸಲು ಕಾಸಿದಾಗಲೇ ಆ ಕಡ್ಡಿ ಕಳಚಿಕೊಂಡಿತ್ತು. ಅದನ್ನೂ ನಾನು ಹಳೇ ಒಡವೆ, ಸವೆದಿದೆ ಅಂದುಕೊಂಡೆ. ಎರಡು ಸಲ ಹೇಳಿತು, ಎರಡು ಸಲವೂ ಕೇಳಿಸಿಕೊಳ್ಳಲಿಲ್ಲ. ಆ ಬುಡವನ್ನು ಗರಗಸದಿಂದ ಕತ್ತರಿಸಿ ಬೇರೆ ಇಟ್ಟಿದ್ದರೆ ಉಳಿದ ಒಂಬತ್ತೂವರೆ ಗ್ರಾಂ ಕೆಡುತ್ತಿರಲಿಲ್ಲ.

ಟೀಚರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನೋಟ್‌ಬುಕ್ಕಿನಲ್ಲಿ "ಸೀಸ" ಎಂದು ಬರೆದು ಅಡಿಗೆರೆ ಹಾಕಿದರು.

"ತೆಗೆಯೋಕೆ ಆಗುತ್ತಾ?"

"ಆಗುತ್ತೆ. ಮೊದಲು ಇಲ್ಲೇ ಒಂದು ಸಲ ನೋಡ್ತೀನಿ."

ಗಟ್ಟಿಯನ್ನು ಮತ್ತೆ ಕರಗಿಸಿ ಸ್ವಲ್ಪ ಪೆಟ್ಲುಪ್ಪು ಹಾಕಿದೆ. ಅದು ಸೀಸವನ್ನು ಸುಟ್ಟು ಬಿಳಿಗಾರಕ್ಕೆ ಒಪ್ಪಿಸಬೇಕು. ಹೊಗೆ ಬಂತು, ಮೇಲಿನ ಗಾಜು ಕೊಳಕು ಹಸಿರಾಯಿತು. ಹಸಿರು ತಾಮ್ರದ್ದು. ಅಂದರೆ ಅದು ಸೀಸದ ಜೊತೆಗೆ ಬೇಕಾದ ತಾಮ್ರವನ್ನೂ ತಿನ್ನುತ್ತಿತ್ತು. ಹುಯ್ದು ಬಡಿದೆ. ಹದಿನೈದು ಪೆಟ್ಟಿನವರೆಗೆ ಚೆನ್ನಾಗಿ ಬಂತು, ಆಮೇಲೆ ಮತ್ತೆ ಅಂಚು ಬಿರಿಯಿತು. ಬಿರುಕು ಮೊದಲಿಗಿಂತ ಸಣ್ಣದು, ಆದರೆ ಬಿರುಕು ಬಿರುಕೇ. ಅಂಚನ್ನು ಅರ ಹಾಕಿ ಮುಚ್ಚಿ ಹೇಗೋ ಪದಕ ಮಾಡಿಬಿಡಬಹುದಿತ್ತು. ಎರಡು ವರ್ಷಕ್ಕೆ ಕೊಂಡಿಯ ಹತ್ತಿರ ಮುರಿದು ಎಲ್ಲಾದರೂ ಬಿದ್ದುಹೋಗುತ್ತಿತ್ತು.

ಇನ್ನು ಪುಟ ಹಾಕಿಸುವುದೊಂದೇ ದಾರಿ. ನಮ್ಮ ಓಣಿಯ ಕೊನೆಯಲ್ಲಿ ಚಿನ್ನ ಶುದ್ಧ ಮಾಡುವ ಗಲಾಯಿ ಅಂಗಡಿ ಇದೆ. ಸಾಂಗ್ಲಿ ಜಿಲ್ಲೆಯ ವಿಟಾ ಕಡೆಯ ಮರಾಠಿಗರು ಈ ಕೆಲಸಕ್ಕೆ ದೇಶದ ಎಷ್ಟೋ ಊರುಗಳಿಗೆ ಹೋಗಿ ನೆಲೆಸಿದ್ದಾರೆ, ನಮ್ಮೂರಲ್ಲೂ ಇದ್ದಾರೆ. ಮಾರನೇ ದಿನ ಬೆಳಗ್ಗೆ ಟೀಚರ್ ಜೊತೆಯಲ್ಲೇ ಬಂದರು.

ಮೊದಲು ಟಂಚ್ ಮಾಡಿಸಿದೆವು. ಮಿಷಿನ್ನಿನೊಳಗೆ ಇಟ್ಟರೆ ಎಕ್ಸ್‌ರೇ ಹಾಯಿಸಿ ಮೇಲ್ಮೈಯಲ್ಲಿ ಯಾವ ಲೋಹ ಎಷ್ಟು ಅಂತ ಹೇಳುತ್ತದೆ. ಇಡೀ ಒಡವೆ ಇಟ್ಟರೆ ಮೇಲಿನ ಪದರದ ಲೆಕ್ಕ ಮಾತ್ರ ಸಿಗುತ್ತದೆ, ಅದಕ್ಕೇ ಕರಗಿಸಿದ ಮೇಲೆ ಮಾಡಿಸುವುದು ಮೇಲು. ಬಂದದ್ದು ಚಿನ್ನ ನೂರಕ್ಕೆ 87.9. ತೂಕ ಆಗ 9.730.

ಟೀಚರ್ ಅಲ್ಲೇ ನಿಂತು ಗುಣಿಸಿದರು. "8.553. ಅಂದ್ರೆ ಹನ್ನೊಂದೂವರೆ ಗ್ರಾಂ ಅಂತ ನಾವಂದುಕೊಂಡಿದ್ದರಲ್ಲಿ ನಿಜವಾದ ಚಿನ್ನ ಎಂಟೂವರೆ!"

"ಹೌದು. 22 ಕ್ಯಾರೆಟ್ಟಿಗೆ 91.6 ಇರ್ಬೇಕಿತ್ತು. ಒಡವೆಯ ತಗಡು ಹಾಗೇ ಇತ್ತೋ ಏನೋ. ಹಳೇ ಬೆಸುಗೆಯಲ್ಲಿ ಬೆಳ್ಳಿ, ತಾಮ್ರ ಜಾಸ್ತಿ ಹಾಕ್ತಿದ್ರು, ಇಲ್ದಿದ್ರೆ ಅದು ತಗಡಿಗಿಂತ ಮೊದ್ಲು ಕರಗಲ್ಲ. ಜುಮಕಿಯಲ್ಲಿ ಎಷ್ಟು ಬೆಸುಗೆ ಇರುತ್ತೆ ನೋಡಿ. ಎಲ್ಲ ಸೇರಿ ಕರಗಿದಾಗ ಒಟ್ಟು ಇಳಿಯುತ್ತೆ."

"ಕೆಡಿಎಂ ಅಂತಾರಲ್ಲ, ಅದು?"

ಕೆಡಿಎಂ ಅನ್ನುವುದು ಚಿನ್ನದ ಹೆಸರಲ್ಲ, ಬೆಸುಗೆಯದ್ದು. ಅದು ಕ್ಯಾಡ್ಮಿಯಮ್. ಚಿನ್ನಕ್ಕೆ ಸ್ವಲ್ಪ ಕ್ಯಾಡ್ಮಿಯಮ್ ಸೇರಿಸಿದರೆ ಸಾಕು, ಬೆಸುಗೆ ಸುಲಭವಾಗಿ ಹರಿಯುತ್ತದೆ. ಬೆಸುಗೆಯಲ್ಲೂ ಚಿನ್ನವೇ ಹೆಚ್ಚಿರುವುದರಿಂದ ಒಡವೆಯ ಚಿನ್ನ ಇಳಿಯುವುದಿಲ್ಲ, ಆದರೆ ಕಾಸಿದಾಗ ಕ್ಯಾಡ್ಮಿಯಮ್ ಹೊಗೆಯಾಗಿ ಏಳುತ್ತದೆ. ಆ ಹೊಗೆ ಹೋಗುವುದು ಮಾತ್ರ ಕೆಲಸ ಮಾಡುವವನ ಎದೆಗೆ. ನಾನು ಅದನ್ನು ಬಿಟ್ಟು ತುಂಬ ವರ್ಷವಾಯಿತು.

ಗಲಾಯಿಯವರು ಗಟ್ಟಿಗೆ ಸುಮಾರು 24 ಗ್ರಾಂ ಬೆಳ್ಳಿ ಸೇರಿಸಿ ಕರಗಿಸಿದರು. ಟೀಚರ್ ಗಾಬರಿಯಾದರು. ಚಿನ್ನ ತೆಗೆಯಿರಿ ಅಂದರೆ ಬೆಳ್ಳಿ ಹಾಕುತ್ತಿದ್ದಾರಲ್ಲ ಅಂತ. ಅದರ ಮರ್ಮ ಇಷ್ಟೇ. ನೈಟ್ರಿಕ್ ಆಸಿಡ್ ಬೆಳ್ಳಿ, ತಾಮ್ರ, ಸೀಸವನ್ನು ಕರಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಆದರೆ ಚಿನ್ನವೇ ಹೆಚ್ಚಿದ್ದರೆ ಅದು ಸುತ್ತ ಗೋಡೆ ಕಟ್ಟಿಕೊಂಡು ಒಳಗಿನ ಬೆರಕೆಗೆ ಆಸಿಡ್ ತಲುಪದ ಹಾಗೆ ಮಾಡುತ್ತದೆ. ಚಿನ್ನ ನಾಲ್ಕರಲ್ಲಿ ಒಂದು ಪಾಲಿಗೆ ಇಳಿದರೆ ದಾರಿ ಬಿಡುತ್ತದೆ. ಕರಗಿದ್ದನ್ನು ನೀರಿಗೆ ಹುಯ್ದರು, ಅದು ಪಾಪ್‌ಕಾರ್ನ್ ಹಾಗೆ ಅರಳಿ ಕಾಳಾಯಿತು. ಆ ಕಾಳನ್ನು ಆಸಿಡ್ಡಿನಲ್ಲಿ ಕುದಿಸಿದರು. ಕಂದು ಹೊಗೆ ಕೊಳವೆಯಲ್ಲಿ ಮೇಲೆ ಹೋಯಿತು. ಅದನ್ನು ಕುಡಿಯಬಾರದು, ನಾವು ಹೊರಗೆ ನಿಂತೆವು.

"ನಮ್ಮದನ್ನ ಬೇರೆಯವರದರ ಜೊತೆ ಸೇರಿಸಿಬಿಟ್ಟರೆ?" ಟೀಚರ್ ಪಿಸುಗುಟ್ಟಿದರು.

"ಬೇರೆ ಬೀಕರಿನಲ್ಲೇ ಹಾಕಿಸಿದೀನಿ. ಅದಕ್ಕೆ ನಿಮ್ಮ ಹೆಸರಿನ ಚೀಟಿ ಅಂಟಿಸಿದಾರೆ, ನೋಡಿ."

ಮಧ್ಯಾಹ್ನ ಬೀಕರ್ ತೋರಿಸಿದಾಗ ತಳದಲ್ಲಿ ಕಂದು ಪುಡಿ ಇತ್ತು. ಮೇಲಿನ ನೀರು ತಾಮ್ರದಿಂದ ನೀಲಿ ಹಸಿರಾಗಿತ್ತು. ಟೀಚರ್ ಬಗ್ಗಿ ನೋಡಿದರು.

"ಇದು ಕಾಫಿ ಗಷ್ಟು ಕಣ್ರೀ. ಚಿನ್ನ ಎಲ್ಲಿ?"

"ಅದೇ ಚಿನ್ನ."

ಅವರು ನನ್ನ ಮುಖ ನೋಡಿದರು. ನಂಬಿಕೆ ಬರಲಿಲ್ಲ. ತಪ್ಪೇನಿಲ್ಲ, ನಾನು ಹುಡುಗನಾಗಿದ್ದಾಗ ಮೊದಲ ಸಲ ನೋಡಿದಾಗಲೂ ಯಾರೋ ಚಿನ್ನ ಕದ್ದಿದ್ದಾರೆ ಅಂತಲೇ ಅಂದುಕೊಂಡಿದ್ದೆ. ಪುಡಿ ಅಷ್ಟು ಸಣ್ಣಗಿದ್ದಾಗ ಹೊಳಪು ಕಾಣುವುದಿಲ್ಲ. ನಾಲ್ಕೈದು ಸಲ ತೊಳೆದು, ಒಣಗಿಸಿ, ಬಿಳಿಗಾರ ಹಾಕಿ ಉರಿ ಕೊಟ್ಟರು. ತವರ ಈ ಆಸಿಡ್ಡಿನಲ್ಲಿ ಕರಗದೆ ಬಿಳಿ ಪುಡಿಯಾಗಿ ಚಿನ್ನದ ಜೊತೆಯೇ ಉಳಿಯುತ್ತದೆ. ಅದನ್ನು ಎಳೆದುಕೊಳ್ಳುವುದು ಈ ಕೊನೆಯ ಬಿಳಿಗಾರದ ಕೆಲಸ. ಕಂದು ಪುಡಿ ಬೆವರಿದ ಹಾಗಾಯಿತು, ಒಂದು ಕಡೆ ಹಳದಿ ಚುಕ್ಕೆ ಕಂಡಿತು, ನೋಡನೋಡುತ್ತಾ ಎಲ್ಲ ಸೇರಿ ಹೊಳೆಯುವ ಒಂದು ಗುಂಡಾಯಿತು. ಟೀಚರ್ "ಅಯ್ಯೋ ದೇವ್ರೇ" ಅಂದರು. ಅಷ್ಟೇ.

ತೂಕ 8.570, ಟಂಚ್ 99.5. ಅದರಲ್ಲಿ ಚಿನ್ನ 8.527. ಲೆಕ್ಕಕ್ಕಿಂತ 26 ಮಿಲಿಗ್ರಾಂ ಕಡಿಮೆ. ತೊಳೆದ ನೀರಲ್ಲಿ, ಮೂಸೆಗೆ ಅಂಟಿದ ಗಾಜಿನಲ್ಲಿ ಸ್ವಲ್ಪ ಹೋಗುತ್ತದೆ, ಟಂಚ್ ಮಿಷಿನ್ನಿನ ಓದೂ ಕೂದಲೆಳೆ ಅತ್ತಿತ್ತ ಇರುತ್ತದೆ. ಪುಟದ ಖರ್ಚು ನಾನೇ ಕೊಟ್ಟೆ. ಸೂಜಿ ಹಚ್ಚದ ತಪ್ಪು ನನ್ನದು.

ಈಗ ಇದನ್ನು ಮತ್ತೆ ಒಡವೆ ಚಿನ್ನ ಮಾಡಬೇಕು. ಶುದ್ಧ ಚಿನ್ನ ಮೆತ್ತಗೆ, ಪದಕದ ಕೊಂಡಿ ಸರದಲ್ಲಿ ತಿಕ್ಕಿ ತಿಕ್ಕಿ ಸವೆದುಹೋಗುತ್ತದೆ.

"91.6ಕ್ಕೆ ಎಷ್ಟು ಸೇರಿಸ್ಬೇಕು ಅಂತ ನಾನೇ ಲೆಕ್ಕ ಮಾಡ್ಲಾ?"

"91.6 ಬೇಡ ಟೀಚರ್, 91.8ಕ್ಕೆ ಮಾಡಿ. ಬೆಸುಗೆ ಹಾಕಿದ ಮೇಲೆ ಕೂದಲಷ್ಟು ಇಳಿಯುತ್ತೆ. ಹಾಲ್‌ಮಾರ್ಕಿನವರು 916ಕ್ಕಿಂತ ಒಂದು ಚೂರು ಕಡಿಮೆ ಇದ್ರೂ ವಾಪಸ್ ಕಳಿಸ್ತಾರೆ."

8.527 ಭಾಗಿಸು 0.918. ಬಂದದ್ದು 9.289. ಇರುವ 8.570 ಕಳೆದರೆ ಸೇರಿಸಬೇಕಾದದ್ದು 0.719 ಗ್ರಾಂ. ಅದರಲ್ಲಿ ತಾಮ್ರ ಎಷ್ಟು, ಬೆಳ್ಳಿ ಎಷ್ಟು ಅನ್ನುವುದು ಬಣ್ಣದ ಪ್ರಶ್ನೆ. ತಾಮ್ರ ಹೆಚ್ಚಾದರೆ ಕೆಂಪು ಛಾಯೆ, ಬೆಳ್ಳಿ ಹೆಚ್ಚಾದರೆ ನಿಂಬೆ ಹಸಿರಿನ ಕಡೆ ಹೋಗುತ್ತದೆ. ಅಮ್ಮನ ಓಲೆ ಸ್ವಲ್ಪ ಕೆಂಪಗಿತ್ತು ಅಂತ ಟೀಚರ್ ಹೇಳಿದ್ದಕ್ಕೆ ತಾಮ್ರ 0.430, ಉಳಿದದ್ದು ಬೆಳ್ಳಿ ಹಾಕಿದೆ. ಕರಗಿಸಿ ಗುಂಡು ಮಾಡಿದಾಗ 9.280 ಬಂತು.

ಬಡಿದೆ. ಇಪ್ಪತ್ತು ಪೆಟ್ಟು, ಮೂವತ್ತು ಪೆಟ್ಟು. ಅಂಚು ಬೆಣ್ಣೆಯ ಹಾಗೆ ನುಣ್ಣಗೇ ಇತ್ತು. ಸದ್ದೂ ಒಂದೇ ಸಮ.

ಟೀಚರ್ ಮೊದಲ ದಿನ ಬರೆದುಕೊಂಡು ಬಂದಿದ್ದ ಚಿತ್ರ ಅಂಗೈ ಅಗಲದ ಮಾವಿನಕಾಯಿ ಪದಕ. ಹನ್ನೊಂದೂವರೆ ಗ್ರಾಂ ಇದೆ ಅಂದುಕೊಂಡು ಬರೆದದ್ದು. ಒಂಬತ್ತು ಗ್ರಾಮಿನಲ್ಲಿ ಅದನ್ನು ಮಾಡಬೇಕೆಂದರೆ ತಗಡು ಎಷ್ಟು ತೆಳ್ಳಗಾಗುತ್ತದೆಂದರೆ ಒಳಗೆ ಮತ್ತೆ ಅರಗು ತುಂಬಬೇಕು.

"ಅರಗು ಬೇಡವೇ ಬೇಡ," ಅಂದರು.

ಕೊನೆಗೆ 28 ಮಿಲಿಮೀಟರ್ ಉದ್ದ, 20 ಅಗಲದ ಮೊಟ್ಟೆಯಾಕಾರಕ್ಕೆ ಒಪ್ಪಿದರು. ಮಧ್ಯದಲ್ಲಿ ಕೆಂಪು ಕಲ್ಲು, ಅಂಚಿಗೆ ಹುರಿ ತಂತಿ, ಮೇಲೆ ನಾಲ್ಕಾರು ಸಣ್ಣ ಚಿನ್ನದ ರವೆ.

6.500 ಗ್ರಾಂ ಕತ್ತರಿಸಿ ತಗಡಿಗೆ ಇಟ್ಟೆ. ಉಳಿದದ್ದು ತಂತಿ, ಕೊಂಡಿಗೆ. ತಗಡಿಗೆ ಚೌಕದ ಪಟ್ಟಿ ಮಾಡಿ ಅದರಿಂದ ಮೊಟ್ಟೆಯಾಕಾರ ಕತ್ತರಿಸಿದರೆ ನಾಲ್ಕು ಮೂಲೆಯ ಚೂರು ದಂಡ. ಅದಕ್ಕೆ ಮೊದಲೇ ಗುಂಡು ಮಾಡಿಕೊಂಡು, ಅದನ್ನೇ ಒಂದು ಕಡೆಗೆ ಹೆಚ್ಚು ಎಳೆಯುತ್ತಾ ಬಡಿದು, ಆಮೇಲೆ ಮಿಷಿನ್ನಿಗೆ ಕೊಟ್ಟು 0.7 ಮಿಲಿಮೀಟರಿಗೆ ಇಳಿಸಿದೆ. ಮಧ್ಯೆ ಮೂರು ಸಲ ಕಾಸಿದ್ದು. ಬಡಿದ ಚಿನ್ನ ಬಿರುಸಾಗುತ್ತದೆ. ಕಾಸದೆ ಎಳೆದರೆ ಸೀಸ ಇಲ್ಲದಿದ್ದರೂ ಬಿರಿಯುತ್ತದೆ.

ತಂತಿಯ ಕೆಲಸ ಎಂದಿನಂತೆ. ಕಂಬಚ್ಚಿನ ಒಂದೊಂದೇ ತೂತಿನಲ್ಲಿ ಎಳೆದು 0.6 ಮಿಲಿಮೀಟರಿಗೆ ತಂದು, ಎರಡು ಎಳೆ ಹೊಸೆದೆ. ಕಲ್ಲು ಕೂರುವ ಮನೆಗೆ ತೆಳು ಪಟ್ಟಿ ಸುತ್ತಿದೆ. ರವೆ ಮಾಡುವುದನ್ನು ನೋಡಲು ಮಾತ್ರ ಟೀಚರ್ ಕನ್ನಡಕ ಬದಲಾಯಿಸಿ ಹತ್ತಿರ ಬಂದರು. ತಂತಿಯ ಚೂರುಗಳನ್ನು ಇದ್ದಿಲ ಮೇಲಿಟ್ಟು ಉರಿ ಊದಿದರೆ ತಾವೇ ಉರುಟಾಗುತ್ತವೆ. ಚೂರು ಒಂದೇ ಅಳತೆಯಲ್ಲಿದ್ದರೆ ರವೆಯೂ ಒಂದೇ ಅಳತೆ. ಒಂದು ಹಾರಿ ಚಾಪೆ ಮೇಲೆ ಬಿತ್ತು. ಟೀಚರೇ ಹುಡುಕಿ ಕೊಟ್ಟರು.

ಹಿಂದೆ ತಗಡು ಮುಚ್ಚಿದ ಮನೆ ಈ ಸಲ ಮಾಡಲಿಲ್ಲ. ಕಲ್ಲಿನ ಕೆಳಗೆ ನಾಲ್ಕು ಮಿಲಿಮೀಟರಿನ ತೂತು ಕೊರೆದು ಒಳ ಅಂಚಿಗೆ ಮೆರುಗು ಕೊಟ್ಟೆ. ಅರಗಿನ ಮೇಲೆ ಕೂರಿಸಿದ ತಗಡು ನೀರು ಹೊಕ್ಕರೆ ಕಪ್ಪಾಗುತ್ತದೆ. ತೂತಿದ್ದರೆ ಹಿಂದಿನಿಂದ ಬೆಳಕು ಬರುತ್ತದೆ, ಹಳೇ ಟೂತ್‌ಬ್ರಷ್ಷಿನಿಂದ ತೊಳೆಯಲೂಬಹುದು. ಕೆಂಡದ ಹೊಳಪು ಬರುವುದಿಲ್ಲ, ಅದನ್ನು ಮೊದಲೇ ಹೇಳಿದ್ದೆ.

ಬೆಸುಗೆ ಹಾಕುವಾಗ ಮೊದಲು ಮನೆ, ಆಮೇಲೆ ಹುರಿ ಮತ್ತು ರವೆ, ಕೊನೆಗೆ ಕೊಂಡಿ. ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಲ್ಪ ಬೇಗ ಕರಗುವ ಬೆಸುಗೆ, ಇಲ್ಲದಿದ್ದರೆ ಕೊಂಡಿ ಕೂರಿಸುವಾಗ ಮನೆ ಜಾರುತ್ತದೆ. ಬೆಸುಗೆಯನ್ನೂ ಟೀಚರ್ ಚಿನ್ನದ ಅರದ ಪುಡಿಯಿಂದಲೇ ಮಾಡಿದ್ದು. ಎಲ್ಲ ಮುಗಿದ ಮೇಲೆ ನೀರು ಬೆರೆಸಿದ ಗಂಧಕಾಮ್ಲದಲ್ಲಿ ಅದ್ದಿ ಕಪ್ಪು ತೆಗೆದೆ. ಅಲ್ಲಿಗೆ ಕಬ್ಬಿಣದ ಚಿಮಟ ಹಾಕಬಾರದು. ಹಾಕಿದರೆ ಆಮ್ಲದಲ್ಲಿರುವ ತಾಮ್ರವೆಲ್ಲ ಒಡವೆ ಮೇಲೆ ಬಂದು ಕೂತು ಪದಕ ತಾಮ್ರದ ಬಿಲ್ಲೆಯ ಹಾಗೆ ಕಾಣುತ್ತದೆ. ಕಲ್ಲನ್ನು ಕೂರಿಸಿದ್ದು ಎಲ್ಲಕ್ಕಿಂತ ಕೊನೆಗೆ, ಬೆಂಕಿಯ ಕೆಲಸ ಪೂರ್ತಿ ಮುಗಿದ ಮೇಲೆ.

ಪದಕ ಹಾಲ್‌ಮಾರ್ಕಿಗೆ ಹೋಗಿ ಎರಡು ದಿನಕ್ಕೆ ವಾಪಸ್ ಬಂತು. ಹಿಂದೆ ಲೇಸರ್‌ನಲ್ಲಿ ಬಿಐಎಸ್ ಗುರುತು, 22K916, ಆಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. ಟೀಚರ್ ತಮ್ಮ ಫೋನಿನಲ್ಲಿ `BIS Care` ಆ್ಯಪ್ ತೆಗೆದು ಆ ಆರನ್ನೂ ಒತ್ತಿದರು. ವಿವರ ಬಂತು. ಅದನ್ನೂ ಬರೆದುಕೊಂಡರು.

ಕೊನೆಯ ತೂಕ. ಕಲ್ಲು ಸೇರಿ 8.090. ಕಲ್ಲು 0.230, ಚಿನ್ನ 7.860. ಚೂರು, ಅರದ ಪುಡಿ ಒಟ್ಟು ಕರಗಿಸಿ ಮಾಡಿದ ಸಣ್ಣ ಗುಂಡು 1.340. ಟೀಚರ್ ಕೂಡಿಸಿದರು, 9.280ರಿಂದ ಕಳೆದರು.

"80 ಮಿಲಿಗ್ರಾಂ ಬಾಕಿ."

"ಮೆರುಗಿನ ಬಟ್ಟೆಯಲ್ಲಿ, ಚಾಪೆಯಲ್ಲಿ, ನನ್ನ ಉಗುರಲ್ಲಿ ಇದೆ. ಅಂಗಡಿ ಕಸವನ್ನ ವರ್ಷಕ್ಕೊಂದು ಸಲ ಕಸದ ಚಿನ್ನ ತೆಗೆಯೋರಿಗೆ ಕೊಡ್ತೀನಿ. ಆ 80 ಮಿಲಿಗ್ರಾಂ ಬೆಲೆ ಕೂಲಿಯಲ್ಲಿ ಕಳ್ದಿದೀನಿ, ನೋಡಿ."

ಬಿಲ್ಲು ನೋಡಿದರು. ಸರಿ ಅಂದರು. ಪದಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಕಲ್ಲಿನ ಹಿಂದಿನ ತೂತಿನಿಂದ ಒಂದು ಸಲ, ಮುಂದಿನಿಂದ ಒಂದು ಸಲ ನೋಡಿದರು. ಉಳಿದ ಕೆಂಪು ಕಲ್ಲು, ಮುತ್ತು, ಚಿನ್ನದ ಗುಂಡು ಮೂರನ್ನೂ ಕುಂಕುಮದ ಭರಣಿಗೆ ಹಾಕಿ ಮುಚ್ಚಳ ತಿರುಗಿಸಿದರು.

"ನನ್ನ ತಂಗಿ ಹತ್ರ ಅಮ್ಮನ ಇನ್ನೊಂದು ಜೊತೆ ಇದೆ ಆಚಾರ್ರೇ. ಅದರ ಕಡ್ಡಿನೂ ಅಪ್ಪನೇ ರಿಪೇರಿ ಮಾಡಿಸಿದ್ದು."

"ತನ್ನಿ. ಸೂಜಿ ತೆಗೆದಿಟ್ಟಿರ್ತೀನಿ."